ಪಕ್ಕದ ಸ್ಟಾಕಿಸ್ಟ್‌ನನ್ನು ಕೊಳ್ಳುವ ಮುಂಚೆ: 40 ಲಕ್ಷದ ವಹಿವಾಟಿನಲ್ಲಿ ನಿಮಗೆ ಸಿಗುವುದು ಎಷ್ಟು?

ಹಾಸನವೋ ಚಿತ್ರದುರ್ಗವೋ, ಒಂದು ಜಿಲ್ಲಾ ಊರು ಅಂದುಕೊಳ್ಳಿ. ಅಲ್ಲಿ ನಿಮ್ಮದೊಂದು ಔಷಧದ ಹೋಲ್‌ಸೇಲ್ ವ್ಯಾಪಾರ. ಕಂಪನಿಗಳಿಂದ ಮಾಲು ತರಿಸಿ ಊರಿನ, ಸುತ್ತಲಿನ ತಾಲೂಕುಗಳ ಮೆಡಿಕಲ್ ಶಾಪ್‌ಗಳಿಗೆ ಹಾಕುತ್ತೀರಿ. ತಿಂಗಳಿಗೆ 80 ಲಕ್ಷದ ಮಾರಾಟ, 240 ಅಂಗಡಿಗಳು. ಎರಡು ಬೀದಿ ಆಚೆ ಇನ್ನೊಬ್ಬ ಸ್ಟಾಕಿಸ್ಟ್ ಇದ್ದಾರೆ. ಅವರದು ತಿಂಗಳಿಗೆ 40 ಲಕ್ಷ, 150 ಅಂಗಡಿಗಳು. ವಯಸ್ಸಾಯಿತು, ಮಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ವ್ಯಾಪಾರ ಮಾರುತ್ತೇನೆ ಅನ್ನುತ್ತಾರೆ. ಮಾಲಿಗೆ ಖರೀದಿ ಬೆಲೆ, ಅದರ ಮೇಲೆ ಗುಡ್‌ವಿಲ್ ಅಂತ 30 ಲಕ್ಷ.

ಊರು, ಅಂಕಿ ಎಲ್ಲ ನಾನು ಲೆಕ್ಕಕ್ಕೆ ಕಟ್ಟಿಕೊಂಡದ್ದು. ಆದರೆ ಇಂಥ ಮಾತುಕತೆ ಹೀಗೇ ಶುರುವಾಗುತ್ತದೆ. ಕೊಳ್ಳುವವರ ತಲೆಯಲ್ಲಿ ಓಡುವ ಲೆಕ್ಕವೂ ಒಂದೇ: 80ಕ್ಕೆ 40 ಸೇರಿದರೆ 120. ಹೋಲ್‌ಸೇಲ್‌ನಲ್ಲಿ ಮಾರ್ಜಿನ್ ನೂರಕ್ಕೆ 8ರಿಂದ 10 ರೂಪಾಯಿ. ಸ್ಕೀಮು, ಡಿಸ್ಕೌಂಟ್, ಸಾಗಣೆ, ಉದ್ರಿಯ ಬಡ್ಡಿ ಕಳೆದು ಹೊಸದಾಗಿ ಸೇರಿದ ಮಾರಾಟದಲ್ಲಿ ನೂರಕ್ಕೆ 4 ಉಳಿಯಿತು ಅನ್ನೋಣ. 40 ಲಕ್ಷಕ್ಕೆ ತಿಂಗಳಿಗೆ 1.6 ಲಕ್ಷ, ವರ್ಷಕ್ಕೆ 19 ಲಕ್ಷದ ಹತ್ತಿರ. ಒಂದೂವರೆ ವರ್ಷದಲ್ಲಿ ಗುಡ್‌ವಿಲ್ ದುಡ್ಡು ವಾಪಸ್. ಚೆನ್ನಾಗಿದೆ, ಅಲ್ವಾ?

ತಪ್ಪಿರುವುದು ಆ ಕೂಡುವ ಲೆಕ್ಕದಲ್ಲೇ. ಅವರ 150 ಅಂಗಡಿಗಳಲ್ಲಿ ಬಹುಪಾಲು ಈಗಾಗಲೇ ನಿಮ್ಮ ಗಿರಾಕಿಗಳು.

ಲಿಸ್ಟ್ ತೋರಿಸದೆ ಲಿಸ್ಟ್ ಹೋಲಿಸುವುದು

ಮೊದಲ ತೊಡಕು ಇದು. ಮಾರುವವರು ಗಿರಾಕಿಗಳ ಪಟ್ಟಿ ಕೊಡುವುದಿಲ್ಲ. ಕೊಡಲೂಬಾರದು. ವ್ಯವಹಾರ ಮುರಿದರೆ ಅವರ ಗುಟ್ಟೆಲ್ಲ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಹಾಗಾಗಿ ಇಬ್ಬರಿಗೂ ಒಪ್ಪಿಗೆಯಾದ ಒಬ್ಬ ಆಡಿಟರ್ ಬೇಕು. ಇಬ್ಬರ ಪಟ್ಟಿಯೂ ಅವರ ಕೈಗೆ ಹೋಗುತ್ತದೆ. ನಿಮಗೆ ಸಿಗುವುದು ಹೆಸರಿಲ್ಲದ ಮೊತ್ತಗಳು ಮಾತ್ರ.

ಆಡಿಟರ್ ಹೆಸರು ನೋಡಿ ಹೊಂದಿಸಬಾರದು. ಒಂದೇ ಊರಿನಲ್ಲಿ ನಾಲ್ಕು ‘ಶ್ರೀ ಮಂಜುನಾಥ ಮೆಡಿಕಲ್ಸ್’ ಇರುತ್ತವೆ. ಜಿಎಸ್‌ಟಿ ನಂಬರ್ ಇದಕ್ಕೆ ಒಳ್ಳೆಯದು. 15 ಅಕ್ಷರಗಳಲ್ಲಿ ಮೊದಲ ಎರಡು ರಾಜ್ಯದ್ದು, ಕರ್ನಾಟಕಕ್ಕೆ 29. ಆಮೇಲಿನ 10 ಅಕ್ಷರ ಮಾಲೀಕನ ಪ್ಯಾನ್. ಅದನ್ನು ಮಾತ್ರ ಎತ್ತಿಕೊಂಡು ಹೋಲಿಸಿದರೆ, ಬೇರೆ ಬೇರೆ ಹೆಸರಿನಲ್ಲಿ ಎರಡು ಮೂರು ಅಂಗಡಿ ಇಟ್ಟುಕೊಂಡ ಒಬ್ಬನೇ ಮಾಲೀಕ ಸಿಕ್ಕಿಬೀಳುತ್ತಾನೆ. ಎಕ್ಸೆಲ್‌ನಲ್ಲಿ ಎರಡು ಸಾಲು ಸಾಕು:

```
=MID(A2,3,10)
=COUNTIF(Sheet2!B:B,B2)
```

ಎರಡೂ ಶೀಟ್‌ನಲ್ಲಿ A ಕಾಲಂನಲ್ಲಿ ಜಿಎಸ್‌ಟಿ ನಂಬರ್, B ಕಾಲಂನಲ್ಲಿ ಮೊದಲ ಫಾರ್ಮುಲಾದಿಂದ ಬಂದ ಪ್ಯಾನ್. ಎರಡನೆಯದು 0 ಬಂದರೆ ಆ ಗಿರಾಕಿ ಒಬ್ಬರ ಹತ್ತಿರ ಮಾತ್ರ ಇದ್ದಾನೆ.

ವರ್ಷಕ್ಕೆ 40 ಲಕ್ಷದೊಳಗೆ ವಹಿವಾಟು ಇರುವ ಸಣ್ಣ ಅಂಗಡಿಗೆ ಜಿಎಸ್‌ಟಿ ನಂಬರ್ ಇಲ್ಲದಿರಬಹುದು. ಅಲ್ಲಿ ಡ್ರಗ್ ಲೈಸೆನ್ಸ್ ನಂಬರ್ ಕೈ ಹಿಡಿಯುತ್ತದೆ. ಹೋಲ್‌ಸೇಲ್ ಬಿಲ್‌ನಲ್ಲಿ ಕೊಳ್ಳುವವನ ಲೈಸೆನ್ಸ್ ನಂಬರ್ ಇರಲೇಬೇಕು ಅನ್ನುವುದು ನಿಯಮ. ಮೊತ್ತಗಳನ್ನು ಮಾತ್ರ ಅವರ ಸಾಫ್ಟ್‌ವೇರ್‌ನಿಂದ ತೆಗೆಯಬೇಡಿ. ತಿಂಗಳು ತಿಂಗಳು ಸಲ್ಲಿಸಿದ ಜಿಎಸ್‌ಟಿಆರ್-1 ರಿಟರ್ನ್‌ನಿಂದ ತೆಗೆಸಿ. ನೋಂದಾಯಿತ ಗಿರಾಕಿಗಳಿಗೆ ಹಾಕಿದ ಬಿಲ್‌ಗಳು ಅದರಲ್ಲಿ ನಂಬರ್ ಸಮೇತ ಇರುತ್ತವೆ. ಕ್ರೆಡಿಟ್ ನೋಟ್‌ಗಳನ್ನೂ ಕಳೆಯಿಸಿ. ಮಾರುವ ಮುಂಚೆ ಗುರುತಿನವರಿಗೆ ದೊಡ್ಡ ಬಿಲ್ ಹಾಕಿ, ಎರಡು ತಿಂಗಳು ಬಿಟ್ಟು ಮಾಲು ವಾಪಸ್ ತೆಗೆದುಕೊಳ್ಳುವುದು ಹಳೇ ಆಟ.

ನಾಲ್ಕು ಮನೆ

ಬರೀ ‘ಎಷ್ಟು ಅಂಗಡಿ ಇಬ್ಬರಿಗೂ ಸೇರಿದ್ದು’ ಅಂತ ಕೇಳಿದರೆ ಅರ್ಧ ಉತ್ತರ ಸಿಗುತ್ತದೆ. ಔಷಧ ವ್ಯಾಪಾರದಲ್ಲಿ ಕಂಪನಿಗಳೂ ಹಂಚಿಹೋಗಿರುತ್ತವೆ. ಕೆಲವು ಕಂಪನಿಗಳ ಮಾಲು ಇಬ್ಬರ ಹತ್ತಿರವೂ ಇದೆ, ಕೆಲವು ಅವರ ಹತ್ತಿರ ಮಾತ್ರ. ಆದ್ದರಿಂದ ಅವರ 40 ಲಕ್ಷವನ್ನು ಅಂಗಡಿಯಿಂದಲೂ ಕಂಪನಿಯಿಂದಲೂ ಒಡೆಯಬೇಕು. ನಮ್ಮ ಉದಾಹರಣೆಯಲ್ಲಿ 150ರಲ್ಲಿ 105 ಅಂಗಡಿಗಳು ಇಬ್ಬರಿಂದಲೂ ಕೊಳ್ಳುತ್ತವೆ ಅನ್ನೋಣ. ಆಡಿಟರ್ ಕೊಟ್ಟ ಕಾಗದದಲ್ಲಿ ಆ 40 ಲಕ್ಷ ನಾಲ್ಕು ಮನೆಗಳಾಗಿ ಹೀಗಿದೆ:

ಇಬ್ಬರಿಗೂ ಸೇರಿದ ಅಂಗಡಿ, ಇಬ್ಬರಲ್ಲೂ ಇರುವ ಕಂಪನಿ: 14 ಲಕ್ಷ.
ಇಬ್ಬರಿಗೂ ಸೇರಿದ ಅಂಗಡಿ, ಅವರಲ್ಲಿ ಮಾತ್ರ ಇರುವ ಕಂಪನಿ: 17 ಲಕ್ಷ.
ಅವರದೇ ಅಂಗಡಿ, ಇಬ್ಬರಲ್ಲೂ ಇರುವ ಕಂಪನಿ: 4 ಲಕ್ಷ.
ಅವರದೇ ಅಂಗಡಿ, ಅವರದೇ ಕಂಪನಿ: 5 ಲಕ್ಷ.

ಮೊದಲ ಮನೆಯ 14 ಲಕ್ಷವೇ ದೊಡ್ಡ ಮೋಸ. ನೋಡುವುದಕ್ಕೆ ಅತ್ಯಂತ ಭದ್ರ ಅನಿಸುತ್ತದೆ. ಅಂಗಡಿ ನಿಮಗೆ ಗೊತ್ತು, ಮಾಲು ನಿಮಗೆ ಗೊತ್ತು. ಹಾಗಿದ್ದೂ ಆ ಅಂಗಡಿಯವನು ಒಂದೇ ಕಂಪನಿಯ ಮಾತ್ರೆಯನ್ನು ಸ್ವಲ್ಪ ನಿಮ್ಮಿಂದ, ಸ್ವಲ್ಪ ಅವರಿಂದ ಏಕೆ ಕೊಳ್ಳುತ್ತಾನೆ? ಬೇಕಂತಲೇ. ಒಬ್ಬರಲ್ಲಿ ಶಾರ್ಟ್ ಆದರೆ ಇನ್ನೊಬ್ಬರಿರಲಿ ಅಂತ. ಒಬ್ಬರು ಹತ್ತಕ್ಕೆ ಒಂದು ಫ್ರೀ ಕೊಟ್ಟರೆ ಇನ್ನೊಬ್ಬರಿಗೆ ಅದನ್ನು ತೋರಿಸಿ ಕೇಳಬಹುದು ಅಂತ. ಎಲ್ಲಕ್ಕಿಂತ ಮುಖ್ಯ, ಉದ್ರಿ ಎರಡು ಕಡೆ ಸಿಗಲಿ ಅಂತ. “ಅಣ್ಣಾ, ನಾಳೆ ನೀವು ಬಿಲ್ ನಿಲ್ಲಿಸಿದ್ರೆ ನಾನು ಯಾರ ಹತ್ರ ಹೋಗ್ಲಿ?” ಅಂತ ಅವನೇ ಬಾಯಿಬಿಟ್ಟು ಹೇಳುತ್ತಾನೆ.

ನೀವು ಪಕ್ಕದವರನ್ನು ಕೊಂಡ ದಿನ ಅವನ ಪಾಲಿಗೆ ಇಬ್ಬರು ಒಬ್ಬರಾದರು. ಇಬ್ಬರು ಬೇಕು ಅನ್ನುವ ಅವನ ಅಭ್ಯಾಸ ಮಾತ್ರ ಹೋಗಿಲ್ಲ. ಊರಿನಲ್ಲಿ ಮೂರನೆಯ ಸ್ಟಾಕಿಸ್ಟ್ ಇದ್ದೇ ಇರುತ್ತಾನೆ, ಆ ಪಾಲು ಅಲ್ಲಿಗೆ ಹೋಗುತ್ತದೆ. ಹಾಗಾಗಿ ಮೊದಲ ಮನೆಯಲ್ಲಿ ಎಷ್ಟು ಉಳಿಯುತ್ತದೆ ಅನ್ನುವುದನ್ನು ನಿಮ್ಮ ಸೇವೆಗಿಂತ ಜಾಸ್ತಿ ನಿರ್ಧರಿಸುವುದು ಆ ಮೂರನೆಯವನ ಹತ್ತಿರ ಯಾವ ಕಂಪನಿಗಳಿವೆ ಅನ್ನುವುದು. ಪ್ರತಿ ಕಂಪನಿಯ ಹೆಸರಿನ ಮುಂದೆ ‘ಊರಿನಲ್ಲಿ ಇನ್ನೆಷ್ಟು ಜನರ ಹತ್ತಿರ ಸಿಗುತ್ತದೆ’ ಅಂತ ಬರೆದು ನೋಡಿ. ಬೇರೆ ಯಾರಲ್ಲೂ ಇಲ್ಲದ್ದು ಉಳಿಯುತ್ತದೆ. ಮೂವರು ನಾಲ್ವರಲ್ಲಿ ಇರುವುದು ಸೋರುತ್ತದೆ. ನಮ್ಮ ಲೆಕ್ಕದಲ್ಲಿ 14ರಲ್ಲಿ 6 ಇಟ್ಟುಕೊಳ್ಳೋಣ.

ಎರಡನೆಯ ಮನೆ, 17 ಲಕ್ಷ. ಬೆಲೆ ಇರುವುದು ಇದರಲ್ಲೇ. ಆದರೆ ಮಾರುವವರು ಇದನ್ನು ನಿಮಗೆ ಕೊಡಲಾರರು. ಸ್ಟಾಕಿಸ್ಟ್ ಮಾಡುವುದು ಕಂಪನಿ. ಅವರ ವ್ಯಾಪಾರ ನಿಮ್ಮದಾಯಿತು ಅಂದ ಮಾತ್ರಕ್ಕೆ ಏಜೆನ್ಸಿ ನಿಮ್ಮ ಹೆಸರಿಗೆ ಬರುವುದಿಲ್ಲ. ಕಂಪನಿಗೆ ಈ ಊರಿನಲ್ಲಿ ಈಗಾಗಲೇ ಇಬ್ಬರು ಸಾಕಾಗಿದ್ದರೆ ನಿಮಗೆ ಇಲ್ಲ ಅನ್ನಬಹುದು. ನಿಮ್ಮ ಹತ್ತಿರ ಅವರ ಎದುರಾಳಿ ಕಂಪನಿಯ ಮಾಲು ಭಾರಿಯಾಗಿ ಓಡುತ್ತಿದ್ದರೆ ಹಿಂದೆಮುಂದೆ ನೋಡಬಹುದು. ಅಥವಾ ಕೊಡುತ್ತೇವೆ, ಆದರೆ ಇಷ್ಟು ಮಾಲು ಎತ್ತಿ ಅನ್ನಬಹುದು.

ಇದನ್ನು ಔಷಧ ವ್ಯಾಪಾರಿಗಳ ಸಂಘದ ಮೂಲಕ ಸರಿಮಾಡಿಕೊಳ್ಳೋಣ ಅನ್ನುವವರು ಇನ್ನೂ ಇದ್ದಾರೆ. ಹೊಸ ಸ್ಟಾಕಿಸ್ಟ್ ನೇಮಕಕ್ಕೆ ಸಂಘದ ಎನ್‌ಒಸಿ ಬೇಕು ಅನ್ನುವ ಪದ್ಧತಿ ಒಂದು ಕಾಲಕ್ಕೆ ದೇಶದಾದ್ಯಂತ ಇತ್ತು. ಕಾಂಪಿಟಿಷನ್ ಕಮಿಷನ್ 2013ರಲ್ಲಿ ಅಖಿಲ ಭಾರತ ಸಂಘದ ವಿರುದ್ಧದ ಆದೇಶದಲ್ಲಿ ಇದನ್ನು ತಪ್ಪು ಎಂದಿತು. 2016ರಲ್ಲಿ ಕರ್ನಾಟಕದ ಸಂಘದ ಮೇಲೂ ಇದೇ ಕಾರಣಕ್ಕೆ ದಂಡ ಬಿತ್ತು. ಅಂದರೆ ನೀವು ಕೊಂಡ ಏಜೆನ್ಸಿಗೆ ನಾಳೆ ಕಂಪನಿ ಊರಿನಲ್ಲಿ ಇನ್ನೊಬ್ಬನನ್ನು ನೇಮಿಸಿದರೆ, ಸಂಘದ ಹೆಸರಿನಲ್ಲಿ ತಡೆಯುವ ದಾರಿ ನಿಮಗಿಲ್ಲ. ಬೆಲೆ ಹೇಳುವಾಗ ಇದೂ ನೆನಪಿರಲಿ.

ಹಾಗಾಗಿ ಮುಂಗಡ ಕೊಡುವ ಮೊದಲು, ಮಾರುವವರ ಜೊತೆಗೇ ಹೋಗಿ ದೊಡ್ಡ ನಾಲ್ಕೈದು ಕಂಪನಿಗಳ ಏರಿಯಾ ಮ್ಯಾನೇಜರ್‌ಗಳನ್ನು ಕಾಣಿ. “ನೋಡೋಣ ಸಾರ್” ಅನ್ನುವುದು ಉತ್ತರವಲ್ಲ. ಕಂಪನಿಯಿಂದ ಮೇಲ್ ಬರಬೇಕು. 17ರಲ್ಲಿ 11 ಲಕ್ಷದ ಕಂಪನಿಗಳು ಒಪ್ಪಿದವು, ಅದರಲ್ಲೂ ಒಂದಿಷ್ಟು ಸೋರುತ್ತದೆ ಅಂತ 10 ಹಿಡಿಯೋಣ.

ಮೂರು ಮತ್ತು ನಾಲ್ಕನೆಯ ಮನೆ ಸೇರಿ 9 ಲಕ್ಷ, 45 ಅಂಗಡಿ. ಇವು ಹೊಚ್ಚಹೊಸ ಗಿರಾಕಿಗಳು ಅನಿಸುತ್ತದೆ. ಸ್ವಲ್ಪ ತಡೆಯಿರಿ. ಒಂದೇ ಊರು, ಅದರಲ್ಲೂ 4 ಲಕ್ಷದ ಮಾಲು ನಿಮ್ಮಲ್ಲೂ ಸಿಗುತ್ತದೆ. ಆದರೂ ಅವರು ನಿಮ್ಮ ಹತ್ತಿರ ಬರುವುದಿಲ್ಲ. ಏಕೆ? ಕೆಲವು ನಿಮ್ಮ ಗಾಡಿ ಹೋಗದ ಹಳ್ಳಿ ದಾರಿಯಲ್ಲಿವೆ, ಅದು ಸರಿ. ಇನ್ನು ಕೆಲವನ್ನು ಆಡಿಟರ್ ನಿಮ್ಮ ಹಳೇ ಲೆಡ್ಜರ್ ಜೊತೆ ಹೊಂದಿಸಿದಾಗ ಗೊತ್ತಾಗುತ್ತದೆ: ಮೂರು ವರ್ಷದ ಹಿಂದೆ ಚೆಕ್ ಬೌನ್ಸ್ ಆಯಿತು ಅಂತ ನೀವೇ ಬಿಲ್ ನಿಲ್ಲಿಸಿದವರು! ನೀವು ಬೇಡ ಅಂದ ಗಿರಾಕಿಯನ್ನೇ ಗುಡ್‌ವಿಲ್ ಕೊಟ್ಟು ವಾಪಸ್ ಕೊಳ್ಳುತ್ತಿದ್ದೀರಿ. ಆದ್ದರಿಂದ ಹೋಲಿಕೆಗೆ ಈಗಿನ ಪಟ್ಟಿ ಸಾಲದು, ಐದು ವರ್ಷದ ಹಿಂದಿನವರೆಗಿನ ಗಿರಾಕಿಗಳೂ ಅದರಲ್ಲಿ ಇರಬೇಕು. ನಮ್ಮ ಉದಾಹರಣೆಯಲ್ಲಿ 45ರಲ್ಲಿ 12 ಇಂಥವು. ಅವನ್ನೂ, ಕಂಪನಿ ಒಪ್ಪದ ಪಾಲನ್ನೂ ಕಳೆದು 9ರಲ್ಲಿ 5 ಉಳಿಯಿತು.

ಒಟ್ಟು 6, 10, 5. ಅಂದರೆ 21 ಲಕ್ಷ. ನೂರಕ್ಕೆ 4ರಂತೆ ತಿಂಗಳಿಗೆ 84 ಸಾವಿರ, ವರ್ಷಕ್ಕೆ 10 ಲಕ್ಷ. ಒಂದೂವರೆ ವರ್ಷ ಅಂದುಕೊಂಡಿದ್ದು ಮೂರು ವರ್ಷವಾಯಿತು.

ಇನ್ನೂ ಒಂದು ಪ್ರಶ್ನೆ ಉಳಿದಿದೆ. ಯಾರೂ ಕೊಳ್ಳದೆ ಅವರು ಸುಮ್ನೆ ಬಾಗಿಲು ಹಾಕಿದರೆ? ಮೊದಲ ಮನೆಯ 6 ಲಕ್ಷದಲ್ಲಿ ಬಹುಪಾಲು ದುಡ್ಡಿಲ್ಲದೆಯೇ ನಿಮ್ಮ ಕೌಂಟರ್‌ಗೆ ಬರುತ್ತದೆ. ಏಕೆಂದರೆ ಅಂಗಡಿ ನಿಮ್ಮದೇ, ಮಾಲೂ ನಿಮ್ಮಲ್ಲಿದೆ. ಹಾಗಿದ್ದರೆ ಅದಕ್ಕೆ ಗುಡ್‌ವಿಲ್ ಏಕೆ? ಇದಕ್ಕೆ ಉತ್ತರ ಬೇರೆ ಕೊಳ್ಳುವವನು ಇದ್ದಾನಾ ಅನ್ನುವುದರ ಮೇಲೆ ನಿಂತಿದೆ. ಮೂರನೆಯ ಸ್ಟಾಕಿಸ್ಟ್ ಕೂಡ ಮಾತಾಡುತ್ತಿದ್ದರೆ ಆ 6 ಲಕ್ಷಕ್ಕೂ ಬೆಲೆ ಇದೆ. ಬೇರೆ ಯಾರೂ ಇಲ್ಲದಿದ್ದರೆ ನೀವು ದುಡ್ಡು ಕೊಡಬೇಕಾದದ್ದು ಉಳಿದ 15 ಲಕ್ಷಕ್ಕೆ ಮಾತ್ರ, ವರ್ಷಕ್ಕೆ 7.2 ಲಕ್ಷದ ಲಾಭಕ್ಕೆ. ಗಿರಾಕಿಗಳು ಎಷ್ಟು ಜಾಸ್ತಿ ಹೊಂದುತ್ತಾರೋ ಬೆಲೆ ಅಷ್ಟು ಕಮ್ಮಿ ಅನ್ನುವುದು ಇಲ್ಲಿ ಬರುತ್ತದೆ. ಎಷ್ಟೋ ಜನ ಇದನ್ನು ಉಲ್ಟಾ ಓದುತ್ತಾರೆ. ‘ಎಲ್ಲ ನಮಗೆ ಗೊತ್ತಿರುವ ಅಂಗಡಿಗಳೇ’ ಅಂತ ಧೈರ್ಯವಾಗಿ ಜಾಸ್ತಿ ಕೊಡುತ್ತಾರೆ.

ಎರಡು ಉದ್ರಿ ಒಂದಾದಾಗ

ಗಿರಾಕಿ ಹೊಂದಿಕೆಯಿಂದ ಹುಟ್ಟುವ ಅಪಾಯದಲ್ಲಿ ನನಗೆ ಹೆಚ್ಚು ಭಯ ಇರುವುದು ಇದರ ಬಗ್ಗೆ. ಒಂದು ಅಂಗಡಿ ನಿಮಗೆ 30 ಸಾವಿರ ಬಾಕಿ, ಅವರಿಗೆ 25 ಸಾವಿರ. ಇಬ್ಬರೂ 21 ದಿನದ ಉದ್ರಿ ಕೊಟ್ಟಿದ್ದೀರಿ, ಇಬ್ಬರ ಲೆಡ್ಜರ್‌ನಲ್ಲೂ ‘ಸ್ವಲ್ಪ ಲೇಟ್, ಆದರೆ ಕೊಡ್ತಾನೆ’ ಅನ್ನುವ ಹೆಸರು. ಆಡಿಟರ್ ಎರಡೂ ಲೆಡ್ಜರ್ ತಾರೀಕಿನಂತೆ ಪಕ್ಕಪಕ್ಕ ಇಟ್ಟು ನೋಡಲಿ. ನೀವು ಬಿಲ್ ನಿಲ್ಲಿಸಿದ ವಾರ ಅವರ ಹತ್ತಿರ ಖರೀದಿ ಏರುತ್ತದಾ? ಅವರು ನಿಲ್ಲಿಸಿದಾಗ ನಿಮ್ಮ ಹತ್ತಿರ ಏರುತ್ತದಾ? ಹಾಗೆ ಏರಿಳಿದರೆ ಅವನು ಒಬ್ಬರ ಮಾಲು ಮಾರಿ ಇನ್ನೊಬ್ಬರ ಸಾಲ ತೀರಿಸುತ್ತಿದ್ದಾನೆ. ಒಂದೊಂದೇ ಲೆಡ್ಜರ್ ನೋಡಿದರೆ ಇದು ಎಂದೂ ಕಾಣುವುದಿಲ್ಲ.

ಕೊಂಡ ಮೇಲೆ ಅವನ ಬಾಕಿ ನಿಮ್ಮಲ್ಲಿ ಒಟ್ಟು 55 ಸಾವಿರ. ನೀವು ಹಳೇ ಲಿಮಿಟ್ 30 ಸಾವಿರಕ್ಕೇ ಹಿಡಿದರೆ ಅವನ ಆಟ ಅಲ್ಲೇ ನಿಂತಿತು. ಅವನು ಮೂರನೆಯವನ ಹತ್ತಿರ ಹೊಸ ಖಾತೆ ತೆಗೆಯುತ್ತಾನೆ, 55 ಸಾವಿರ ನಿಮ್ಮಲ್ಲಿ ಉಳಿಯುತ್ತದೆ. 60 ಸಾವಿರಕ್ಕೆ ಏರಿಸಿದರೆ ಅಪಾಯ ಪೂರ್ತಿ ನಿಮ್ಮದು. ಇಂಥ ಅಂಗಡಿಗಳು 105ರಲ್ಲಿ ಎಷ್ಟು ಅನ್ನುವ ಸಂಖ್ಯೆಯನ್ನು ಆಡಿಟರ್ ಮುಂಚೆಯೇ ಕೊಡಬೇಕು. ಹತ್ತು ಹದಿನೈದು ಇದ್ದರೆ ತಡೆದುಕೊಳ್ಳಬಹುದು. ನಲವತ್ತು ಇದ್ದರೆ ಅವರ 40 ಲಕ್ಷದ ಮಾರಾಟದಲ್ಲಿ ಒಂದು ಪಾಲು ನಿಮ್ಮದೇ ಉದ್ರಿಯ ಮೇಲೆ ನಡೆಯುತ್ತಿದೆ ಅಂತ ಅರ್ಥ.

ಅವರ ಹಳೇ ಬಾಕಿಯನ್ನು ದುಡ್ಡು ಕೊಟ್ಟು ಕೊಳ್ಳಬೇಡಿ. ಹಾಗಂತ ಅವರೇ ವಸೂಲಿ ಮಾಡಿಕೊಳ್ಳಲಿ ಅಂತ ಬಿಟ್ಟರೂ ಕಷ್ಟ. ಇನ್ನು ಮಾಲು ಕೊಡದವರಿಗೆ ಯಾರು ಬೇಗ ದುಡ್ಡು ಕೊಡುತ್ತಾರೆ? ನಡುದಾರಿ ಅಂದರೆ ನೀವೇ ವಸೂಲಿ ಮಾಡಿ, ಬಂದಷ್ಟನ್ನು ಮಾತ್ರ ಅವರಿಗೆ ಕೊಡುವುದು. ಆದರೆ ಅಂಗಡಿಯವನು 10 ಸಾವಿರ ಕೊಟ್ಟರೆ ಅದು ಅವರ ಹಳೇ ಬಾಕಿಗಾ, ನಿಮ್ಮ ಹೊಸ ಬಿಲ್‌ಗಾ? ಕರಾರಿನಲ್ಲಿ ಈ ಒಂದು ಸಾಲು ಇಲ್ಲದಿದ್ದರೆ ಮೂರನೆಯ ತಿಂಗಳಿಗೆ ಜಗಳ ಗ್ಯಾರಂಟಿ.

ವಾಪಸ್ ಬರುವ ಡಬ್ಬಗಳು

ಅವರು ಹೋದ ವರ್ಷ ಮಾರಿದ ಮಾಲು ಈಗ 150 ಅಂಗಡಿಗಳ ಶೆಲ್ಫ್ ಮೇಲೆ ಕೂತಿದೆ. ಅದರಲ್ಲಿ ಒಂದಿಷ್ಟು ಎಕ್ಸ್‌ಪೈರಿ ಆಗಿ ನಿಮ್ಮ ಬಾಗಿಲಿಗೇ ಬರುತ್ತದೆ. ಬಿಲ್ ಯಾರದು ಅಂತ ಅಂಗಡಿಯವನು ನೋಡುವುದಿಲ್ಲ. ‘ಈಗ ಎಲ್ಲ ನೀವೇ ಅಲ್ವಾ’ ಅನ್ನುತ್ತಾನೆ. ತೆಗೆದುಕೊಂಡರೆ ಅವನಿಗೆ ಕ್ರೆಡಿಟ್ ನೋಟ್ ಕೊಡಬೇಕು. ನಿಮಗೆ ಕಂಪನಿ ಕೊಡುತ್ತದಾ? ಏಜೆನ್ಸಿ ನಿಮಗೆ ಬಂದಿದ್ದರೆ, ಮೊದಲೇ ಮಾತಾಡಿದ್ದರೆ, ಕೊಡಬಹುದು. ಕಂಪನಿ ನಿಮ್ಮನ್ನು ಒಪ್ಪದಿದ್ದರೆ ಆ ಡಬ್ಬ ಕಸ. ತೆಗೆದುಕೊಳ್ಳದಿದ್ದರೆ ಅಂಗಡಿಯವನು ಆ ಮೊತ್ತವನ್ನು ನಿಮ್ಮ ಬಿಲ್‌ನಲ್ಲೇ ಹಿಡಿದುಕೊಳ್ಳುತ್ತಾನೆ.

ಇದನ್ನು ಮುಂಚೆಯೇ ಅಳೆಯಬಹುದು. ಕಳೆದ 12 ತಿಂಗಳಲ್ಲಿ ಅವರು ಅಂಗಡಿಗಳಿಗೆ ಕೊಟ್ಟ ಎಕ್ಸ್‌ಪೈರಿ ಕ್ರೆಡಿಟ್ ಎಷ್ಟು, ಕಂಪನಿಗಳಿಂದ ಅವರಿಗೆ ಬಂದದ್ದು ಎಷ್ಟು ಅಂತ ಕೇಳಿ. ತಿಂಗಳಿಗೆ 50 ಸಾವಿರ ಕೊಟ್ಟು 35 ಸಾವಿರ ಪಡೆಯುತ್ತಿದ್ದರೆ 15 ಸಾವಿರದ ತೂತು ಇದೆ, ವರ್ಷಕ್ಕೆ 1.8 ಲಕ್ಷ. ಕೊಡುವ ಬೆಲೆಯಲ್ಲಿ ಅಷ್ಟನ್ನಾದರೂ ಒಂದು ವರ್ಷ ಹಿಡಿದಿಟ್ಟುಕೊಳ್ಳಿ. ಗೋಡೌನಿನ ಮಾಲು ಎಣಿಸುವಾಗಲೂ ಆರು ತಿಂಗಳೊಳಗೆ ಎಕ್ಸ್‌ಪೈರಿ ಇರುವ ಬ್ಯಾಚ್‌ಗಳನ್ನು ಬೇರೆ ಇಡಿಸಿ. ಅವಕ್ಕೆ ಖರೀದಿ ಬೆಲೆ ಕೊಡುವ ಮಾತೇ ಇಲ್ಲ.

ಲೈಸೆನ್ಸ್, ತೆರಿಗೆ, ಸೇಲ್ಸ್‌ಮನ್

ಡ್ರಗ್ ಲೈಸೆನ್ಸ್ ಕೊಳ್ಳುವ ವಸ್ತುವಲ್ಲ. ಹೋಲ್‌ಸೇಲ್‌ನ 20B, 21B ಲೈಸೆನ್ಸ್ ಆ ಮಾಲೀಕರಿಗೆ, ಆ ಜಾಗಕ್ಕೆ ಕೊಟ್ಟದ್ದು. ಫರ್ಮ್‌ನ ಮಾಲೀಕತ್ವ ಬದಲಾದರೆ ಹಳೇ ಲೈಸೆನ್ಸ್ ಹೆಚ್ಚೆಂದರೆ ಮೂರು ತಿಂಗಳು ನಡೆಯುತ್ತದೆ, ಅಷ್ಟರೊಳಗೆ ಹೊಸದು ಆಗಬೇಕು. ಆಗದಿದ್ದರೆ ಆ ಗೋಡೌನಿನಿಂದ ಮಾರುವಂತಿಲ್ಲ. ಮಾಲನ್ನು ಬಿಲ್ ಮಾಡಿಸಿ ನಿಮ್ಮ ಲೈಸೆನ್ಸ್ ಇರುವ ಜಾಗಕ್ಕೇ ತಂದುಬಿಡುವುದು ಹೆಚ್ಚಿನವರಿಗೆ ಸುಲಭ. ಜಾಗ ಸಾಕಾಗುತ್ತದಾ, ಫ್ರಿಜ್‌ನಲ್ಲಿ ಇಡಬೇಕಾದ ಇನ್ಸುಲಿನ್, ಲಸಿಕೆಗಳಿಗೆ ವ್ಯವಸ್ಥೆ ಇದೆಯಾ ಅಂತ ಮಾತ್ರ ನೋಡಿಕೊಳ್ಳಿ.

ಮಾಲು ಮಾತ್ರ ಕೊಳ್ಳುವುದಕ್ಕೂ ಇಡೀ ವ್ಯಾಪಾರ ಕೊಳ್ಳುವುದಕ್ಕೂ ತೆರಿಗೆಯಲ್ಲಿ ದೊಡ್ಡ ವ್ಯತ್ಯಾಸ ಇದೆ. ವ್ಯಾಪಾರವೇ ವರ್ಗವಾದರೆ, ಜಿಎಸ್‌ಟಿ ಕಾಯ್ದೆಯ 85ನೇ ಸೆಕ್ಷನ್ ಪ್ರಕಾರ, ಆ ದಿನದವರೆಗಿನ ಅವರ ತೆರಿಗೆ ಬಾಕಿಗೆ ನೀವೂ ಹೊಣೆ. ಎರಡು ವರ್ಷ ಬಿಟ್ಟು ನೋಟಿಸ್ ಬಂದರೂ ಅಷ್ಟೇ.

ಇನ್ನು ಸೇಲ್ಸ್‌ಮನ್. ಸಣ್ಣ ಊರಿನಲ್ಲಿ 150 ಅಂಗಡಿಗಳ ಸಂಬಂಧ ಇರುವುದು ಮಾಲೀಕರ ಹತ್ತಿರವಲ್ಲ, ದಿನಾ ಬೈಕಿನಲ್ಲಿ ಆರ್ಡರ್ ತರುವ ಇಬ್ಬರು ಹುಡುಗರ ಫೋನಿನಲ್ಲಿ. ಭಾರತೀಯ ಕರಾರು ಕಾಯ್ದೆ 1872ರ 27ನೇ ಸೆಕ್ಷನ್ ಇಲ್ಲಿ ವಿಚಿತ್ರವಾಗಿ ಕೆಲಸ ಮಾಡುತ್ತದೆ. ಗುಡ್‌ವಿಲ್ ಮಾರಿದ ಮಾಲೀಕ ಅದೇ ಊರಿನಲ್ಲಿ ಅದೇ ವ್ಯಾಪಾರ ಮಾಡಬಾರದು ಅಂತ, ಮಿತಿ ನ್ಯಾಯವಾಗಿದ್ದರೆ, ಕಟ್ಟಿಹಾಕಬಹುದು. ಕೆಲಸ ಬಿಟ್ಟ ಸೇಲ್ಸ್‌ಮನ್‌ಗೆ ಅಂಥ ಕಟ್ಟು ಹಾಕಲು ಆಗುವುದಿಲ್ಲ. ಮನೆ ಸೇರುವ ಮಾಲೀಕರಿಂದ ಅಪಾಯವಿಲ್ಲ, ಅಪಾಯ ಇರುವ ಕಡೆ ಕಾಗದ ನಡೆಯುವುದಿಲ್ಲ. ಆದ್ದರಿಂದ ಆ ಇಬ್ಬರ ಜೊತೆ ಸಂಬಳ, ಇನ್ಸೆಂಟಿವ್, ಏರಿಯಾ ಎಲ್ಲವನ್ನೂ ಸಹಿಗೆ ಮೊದಲೇ ಮಾತಾಡಿ ಮುಗಿಸಿ. 105 ಅಂಗಡಿಗೆ ನಿಮ್ಮ ಹುಡುಗನೂ ಹೋಗುತ್ತಾನೆ, ಅವರ ಹುಡುಗನೂ ಹೋಗುತ್ತಾನೆ. ಯಾರು ಬಿಡಬೇಕು? ಮೊದಲ ವಾರ ನಿಮ್ಮ ಆಫೀಸಿನಲ್ಲಿ ಏಳುವ ಜಗಳ ಇದೇ. ಒಂದು ಮೂರು ತಿಂಗಳಾದರೂ ಅಂಗಡಿಗೆ ಇಬ್ಬರೂ ಹೋಗಲಿ. ಖರ್ಚು ಜಾಸ್ತಿ, ಆದರೆ ಆ ಖರ್ಚನ್ನು ಉಳಿಸಲು ಹೋದವರು ಮೂರನೆಯ ಸ್ಟಾಕಿಸ್ಟ್‌ಗೆ ಒಬ್ಬ ತಯಾರಾದ ಹುಡುಗನನ್ನು ಕೊಟ್ಟಂತೆ.

ಈಗ ಬೆಲೆಗೆ ಬರೋಣ. ಅವರು ಕೇಳಿದ್ದು 30 ಲಕ್ಷ. ನಿಮ್ಮ ಕಾಗದದಲ್ಲಿ ವರ್ಷಕ್ಕೆ 7ರಿಂದ 10 ಲಕ್ಷದ ಲಾಭ. ಎರಡು ವರ್ಷದ ಲಾಭದ ಮೇಲೆ ಹೋಗಬಾರದು ಅಂತ ನಾನಾದರೆ ಹಿಡಿಯುತ್ತೇನೆ. ಅಂದರೆ 14ರಿಂದ 20 ಲಕ್ಷ. ಅದನ್ನೂ ಒಂದೇ ಸಲ ಕೊಡುವುದಲ್ಲ. 6 ಲಕ್ಷ ಸಹಿಯ ದಿನ. ಉಳಿದದ್ದು ಆರನೆಯ ಮತ್ತು ಹನ್ನೆರಡನೆಯ ತಿಂಗಳಿಗೆ, ಕರಾರಿಗೆ ಅಂಟಿಸಿದ ಕಂಪನಿಗಳ ಪಟ್ಟಿಯಲ್ಲಿ ಎಷ್ಟು ಮಾರಾಟ ಉಳಿಯಿತು ಅನ್ನುವುದರ ಮೇಲೆ. ಅಂಗಡಿಗಳ ಪಟ್ಟಿಯ ಮೇಲೆ ಬೇಡ. 105 ಅಂಗಡಿಗಳಲ್ಲಿ ಯಾವ ರೂಪಾಯಿ ಮೊದಲಿಂದ ನಿಮ್ಮದು, ಯಾವುದು ಅವರಿಂದ ಬಂದದ್ದು ಅಂತ ಆಮೇಲೆ ಬೇರ್ಪಡಿಸಲು ಆಗುವುದಿಲ್ಲ. ಕಂಪನಿ ಅವರದು ಮಾತ್ರ ಆಗಿದ್ದರೆ ಅದರ ಪ್ರತಿ ಬಿಲ್ಲೂ ಸ್ಪಷ್ಟ.

ಅವರು ಇದಕ್ಕೆ ಒಪ್ಪದೆ ಪೂರ್ತಿ ದುಡ್ಡು ಈಗಲೇ ಬೇಕು ಅಂದರೆ ಇನ್ನೊಂದು ದಾರಿ ಕೇಳಿ ನೋಡಿ. ಇಡೀ ವ್ಯಾಪಾರ ಬೇಡ, ಆ 11 ಲಕ್ಷದ ಕಂಪನಿಗಳ ಏಜೆನ್ಸಿಗೆ ಅವರು ರಾಜೀನಾಮೆ ಪತ್ರ ಕೊಡಲಿ, ಕಂಪನಿಗಳು ನಿಮ್ಮನ್ನು ನೇಮಿಸಲಿ, ಆ ಕಂಪನಿಗಳ ಮಾಲು ಮಾತ್ರ ನೀವು ಕೊಳ್ಳಿ. ಉಳಿದ ಗೋಡೌನನ್ನು ಅವರು ಮೂರನೆಯವರಿಗೆ ಮಾರಿಕೊಳ್ಳಬಹುದು.